ಹತ್ತೂವರೆ ಸಾವಿರ ವ್ಯೂಸ್ ಎಂದರೆ ಎಷ್ಟು ಜನ?

ದೀಪಾವಳಿಯ ಹಿಂದಿನ ದಿನ ಅಕ್ಕನ ಮಗಳು ಒಂದು ಕಿರುವಿಡಿಯೊ ಹಾಕಿದಳು. ಅಜ್ಜಿ ಬಾಣಲೆಗೆ ಬಿಟ್ಟ ಕಜ್ಜಾಯ ಉಬ್ಬಿ ಮೇಲೆ ತೇಲುವ ಇಪ್ಪತ್ತು ಸೆಕೆಂಡಿನ ದೃಶ್ಯ, ಅಷ್ಟೇ. ಸಂಜೆ ಏಳಕ್ಕೆ ಹಾಕಿದ್ದು ಒಂಬತ್ತರ ಹೊತ್ತಿಗೆ 1,214 ವ್ಯೂಸ್ ತಲುಪಿ ಅಲ್ಲೇ ನಿಂತಿತು. ಹತ್ತಾಯಿತು, ಹನ್ನೊಂದಾಯಿತು, ಅಂಕಿ ಮಾತ್ರ ಕದಲಲಿಲ್ಲ. ವಿಚಿತ್ರವೆಂದರೆ ಲೈಕುಗಳು ಬರುತ್ತಲೇ ಇದ್ದವು. ಬೆಳಿಗ್ಗೆ ಎದ್ದು ನೋಡಿದರೆ ಒಂಬತ್ತು ಸಾವಿರದ ಎಂಟುನೂರು ಚಿಲ್ಲರೆ. ಮನೆಯೆಲ್ಲ ಸಂಭ್ರಮ. ಮೂರನೆಯ ದಿನ ಅದೇ ಅಂಕಿ ನಾನೂರರಷ್ಟು ಇಳಿದಿತ್ತು.

"ಮಾಮ, ನೋಡಿದವರು ನೋಡಿದ ಮೇಲೆ ನೋಡಿಲ್ಲ ಅಂತ ಆಗೋದು ಹೇಗೆ? ನನ್ನ ವ್ಯೂಸ್ ಯಾರು ತಗೊಂಡ್ರು?" ಎಂದು ಫೋನ್ ಮಾಡಿದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಸಿನಿಮಾ ಟಿಕೆಟ್ ಹರಿದ ಮೇಲೆ ಪ್ರೇಕ್ಷಕ ಒಳಗೆ ಹೋದ ಹಾಗೆಯೇ. ಆದರೆ ಕಿರುವಿಡಿಯೊದಲ್ಲಿ ಟಿಕೆಟ್ ಎಂಬುದು ಯಾವುದು, ಅದನ್ನು ಹರಿಯುವುದು ಯಾವಾಗ ಎಂಬುದೇ ಬೇರೆ ಕಥೆ. ಎಲ್ಲ ತಾಣಗಳ ಲೆಕ್ಕವನ್ನೂ ಒಟ್ಟಿಗೆ ಹೇಳಹೊರಟರೆ ಗೋಜಲಾಗುತ್ತದೆ. ನಮ್ಮಲ್ಲಿ ಹೆಚ್ಚು ಜನ ಬಳಸುವ, ತನ್ನ ನಿಯಮವನ್ನು ಬಹಿರಂಗವಾಗಿ ಬದಲಿಸಿಕೊಂಡ ಯೂಟ್ಯೂಬ್ ಶಾರ್ಟ್ಸ್ ಅನ್ನೇ ಹಿಡಿದು ನೋಡೋಣ.

ಶಾರ್ಟ್ಸ್ ಮೊದಲು ಬಂದದ್ದು ಭಾರತದಲ್ಲೇ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿ ಶುರುವಾಯಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಪ್ರಯೋಗಕ್ಕೆ ಬಿಟ್ಟಿತು. ಆಗಿನ ಲೆಕ್ಕದಲ್ಲಿ ಒಂದು ಬಿಗಿಯಿತ್ತು. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗುವಾಗ ಕಣ್ಣ ಮುಂದೆ ಸರಿದು ಹೋದ ವಿಡಿಯೊ ಎಣಿಕೆಗೆ ಸೇರುತ್ತಿರಲಿಲ್ಲ. ನೋಡುಗ ಕೆಲವು ಸೆಕೆಂಡಾದರೂ ನಿಂತಿರಬೇಕಿತ್ತು. ಎಷ್ಟು ಸೆಕೆಂಡು ಎಂಬುದನ್ನು ಕಂಪನಿ ಹೇಳಲಿಲ್ಲ. ಹೇಳಿದರೆ ಎಲ್ಲರೂ ಅಷ್ಟೇ ಸೆಕೆಂಡು ಹಿಡಿದಿಡುವ ಕಸರತ್ತು ಮಾಡುತ್ತಾರೆ, ಸುಳ್ಳು ವ್ಯೂಸ್ ಮಾರುವವರೂ ಅಷ್ಟಕ್ಕೇ ತಮ್ಮ ಯಂತ್ರಗಳನ್ನು ಹೊಂದಿಸಿಕೊಳ್ಳುತ್ತಾರೆ.

2025ರ ಮಾರ್ಚ್ 31ರಿಂದ ಈ ಬಿಗಿ ಹೋಯಿತು. ಅಂದಿನಿಂದ ಶಾರ್ಟ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಅದು ಮುಗಿದು ತಾನಾಗಿ ಮತ್ತೆ ಮೊದಲಿನಿಂದ ಓಡಿದರೆ ಇನ್ನೊಂದು ವ್ಯೂ. ಕನಿಷ್ಠ ಸಮಯ ಎಂಬುದೇ ಇಲ್ಲ. ಟಿಕ್‌ಟಾಕ್ ಎಣಿಸುತ್ತಿದ್ದುದು ಹೀಗೆಯೇ, ರೀಲ್ಸ್ ಎಣಿಸುವುದೂ ಹೀಗೆಯೇ. ಮೂರೂ ಕಡೆ ಹಾಕುವವರಿಗೆ ಯೂಟ್ಯೂಬಿನ ಅಂಕಿ ಮಾತ್ರ ಸಣ್ಣದಾಗಿ ಕಾಣುತ್ತಿತ್ತು, ಆ ವ್ಯತ್ಯಾಸವನ್ನು ಅಳಿಸಿದರು. ಹಳೆಯ ಬಿಗಿಯಾದ ಲೆಕ್ಕವನ್ನೇನೂ ಎಸೆಯಲಿಲ್ಲ. ಅದಕ್ಕೆ 'ಎಂಗೇಜ್ಡ್ ವ್ಯೂಸ್' ಎಂದು ಬೇರೆ ಹೆಸರಿಟ್ಟು, ವಿಡಿಯೊ ಹಾಕಿದವರಿಗಷ್ಟೇ ಕಾಣುವ ಯೂಟ್ಯೂಬ್ ಸ್ಟುಡಿಯೊದ ಅನಲಿಟಿಕ್ಸ್ ವಿಭಾಗದಲ್ಲಿ, ಅದರಲ್ಲೂ ಅಡ್ವಾನ್ಸ್ಡ್ ಮೋಡ್‌ನ ಒಳಗೆ ಇಟ್ಟರು. ನನ್ನ ಪ್ರಕಾರ ಈ ಬದಲಾವಣೆಯ ಮುಖ್ಯ ಪರಿಣಾಮ ಇದೇ: ಹೆಚ್ಚು ಅರ್ಥವಿದ್ದ ಅಂಕಿ ಒಳಕೋಣೆಗೆ ಹೋಯಿತು, ಕಡಿಮೆ ಅರ್ಥದ್ದು ಜಗಲಿಗೆ ಬಂತು.

ಕಜ್ಜಾಯದ ವಿಡಿಯೊವನ್ನೇ ಇಟ್ಟುಕೊಂಡು ಒಂದು ಊಹೆಯ ಲೆಕ್ಕ ಹಾಕೋಣ. ಅದು ಜನರ ಫೋನಿನಲ್ಲಿ ಒಟ್ಟು ಹತ್ತು ಸಾವಿರ ಸಲ ಮೂಡಿ ಓಡಲು ಶುರುವಾಯಿತು ಎನ್ನಿ. ಆರೂವರೆ ಸಾವಿರ ಸಲ ನೋಡುಗರು ಬಾಣಲೆ ಕಾಣುವ ಹೊತ್ತಿಗೇ ಬೆರಳಾಡಿಸಿ ಮುಂದೆ ಹೋದರು. ಮೂರೂವರೆ ಸಾವಿರ ಸಲ ನಿಂತು ನೋಡಿದರು. ಅದರಲ್ಲಿ ಐನೂರು ಸಲ ವಿಡಿಯೊ ಮುಗಿದು ಮತ್ತೆ ಮೊದಲಿನಿಂದ ಓಡಿತು. ಕಜ್ಜಾಯ ಉಬ್ಬುವುದನ್ನು ಎರಡನೆಯ ಸಲವೂ ನೋಡಬೇಕೆನಿಸಿತೋ, ಫೋನನ್ನು ಹಾಗೇ ಇಟ್ಟು ಬಾಗಿಲು ತೆರೆಯಲು ಹೋದರೋ, ಯಂತ್ರಕ್ಕೆ ಎರಡೂ ಒಂದೇ. ಈಗ ಹೊರಗೆ ಕಾಣುವ ಅಂಕಿ 10,500. ಹಳೆಯ ಬಿಗಿಯಾದ ಲೆಕ್ಕದಲ್ಲಾದರೆ ಮೂರೂವರೆ ಸಾವಿರದ ಆಸುಪಾಸು. ಇನ್ನು ಜನ ಎಷ್ಟು? ಒಬ್ಬರಿಗೇ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಅದೇ ವಿಡಿಯೊ ಎದುರಾಗಿರಬಹುದು. ಆ ಪುನರಾವರ್ತನೆ ಕಳೆದರೆ ಅದು ಒಂಬತ್ತು ಸಾವಿರ ಜನರ ಕಣ್ಣ ಮುಂದೆ ಬಂದಿರಬಹುದು, ಮನಸ್ಸಿಟ್ಟು ನೋಡಿದವರು ಮೂರು ಸಾವಿರ. ಒಂದೇ ವಿಡಿಯೊಗೆ ಇಷ್ಟೂ ಅಂಕಿಗಳು ನಿಜ. ಆದರೆ ಪರದೆಯ ಮೇಲೆ ಕಾಣುವುದು ಒಂದೇ.

ದುಡ್ಡಿನ ವಿಷಯ ಬಂದಾಗ ಯೂಟ್ಯೂಬ್ ಯಾವ ಅಂಕಿಯನ್ನು ನಂಬುತ್ತದೆ ಎಂಬುದನ್ನು ಗಮನಿಸಬೇಕು. ಶಾರ್ಟ್ಸ್ ಮೂಲಕ ಜಾಹೀರಾತಿನ ಪಾಲು ಪಡೆಯಲು ಸಾವಿರ ಚಂದಾದಾರರು ಮತ್ತು ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವ್ಯೂಸ್ ಬೇಕು ಎಂಬುದು ನಿಯಮ. ಆ ಕೋಟಿಯನ್ನು ಎಣಿಸುವುದು ಹೊಸ ಸಡಿಲ ಲೆಕ್ಕದಲ್ಲಲ್ಲ, ಎಂಗೇಜ್ಡ್ ಲೆಕ್ಕದಲ್ಲಿ. ಸಂಪಾದನೆಯನ್ನು ಹಂಚುವುದೂ ಅದೇ ಲೆಕ್ಕದಲ್ಲಿ. 2025ರ ಏಪ್ರಿಲ್‌ನಲ್ಲಿ ಅನೇಕರ ವ್ಯೂಸ್ ಒಮ್ಮೆಲೇ ಏರಿದ್ದಕ್ಕೂ, ಕೈಗೆ ಬಂದ ಹಣ ಅದೇ ಅಳತೆಯಲ್ಲಿ ಏರದಿದ್ದಕ್ಕೂ ಕಾರಣ ಇಷ್ಟೇ. ಆ ಮಾರ್ಚಿನ ಮುಂಚಿನ ಗ್ರಾಫನ್ನೂ ನಂತರದ ಗ್ರಾಫನ್ನೂ ಪಕ್ಕಪಕ್ಕ ಇಟ್ಟು "ನಾವು ದುಪ್ಪಟ್ಟು ಬೆಳೆದೆವು" ಎನ್ನುವುದು ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದರ ಜೊತೆ ಹೋಲಿಸಿದಂತೆ.

ಇನ್ನು ಅಂಕಿ ನಿಲ್ಲುವ ವಿಚಾರ. ಇದಕ್ಕೊಂದು ಪ್ರಸಿದ್ಧ ಪೂರ್ವಕಥೆಯಿದೆ. 2010ರ ಆಸುಪಾಸಿನಲ್ಲಿ ಯೂಟ್ಯೂಬ್ ನೋಡುತ್ತಿದ್ದವರಿಗೆ 301 ಎಂಬ ಸಂಖ್ಯೆ ನೆನಪಿರಬಹುದು. ಜನಪ್ರಿಯವಾಗುತ್ತಿದ್ದ ಯಾವುದೇ ವಿಡಿಯೊ 301ಕ್ಕೆ ಬಂದು ಗಂಟೆಗಟ್ಟಲೆ ನಿಂತುಬಿಡುತ್ತಿತ್ತು. ಲೈಕು ಸಾವಿರ ದಾಟಿದರೂ ವ್ಯೂಸ್ 301. ಇದರ ಗುಟ್ಟನ್ನು 2012ರಲ್ಲಿ ಗಣಿತದ ವಿಡಿಯೊ ಮಾಡುವ ನಂಬರ್‌ಫೈಲ್ ಎಂಬ ಚಾನೆಲ್‌ಗೆ ಯೂಟ್ಯೂಬಿನವರೇ ವಿವರಿಸಿದರು. ಮುನ್ನೂರು ವ್ಯೂಸ್‌ವರೆಗೆ ಮೋಸ ನಡೆದರೂ ದೊಡ್ಡ ನಷ್ಟವಿಲ್ಲ, ಹಾಗಾಗಿ ಬಂದದ್ದನ್ನು ಬಂದ ಹಾಗೆ ಕೂಡಿಸುತ್ತಿದ್ದರು. ಅದಕ್ಕಿಂತ ಮೇಲೆ ಹೋದರೆ ಪ್ರತಿ ವ್ಯೂ ನಿಜವಾದ ಮನುಷ್ಯನದ್ದೇ ಎಂದು ತಪಾಸಣೆಯಾಗಬೇಕು, ಅದು ಮುಗಿಯುವತನಕ ಅಂಕಿಗೆ ತಡೆ. ತಡೆ ಇರಬೇಕಾದದ್ದು 300ಕ್ಕೆ. ಆದರೆ ಪ್ರೋಗ್ರಾಂ ಬರೆದವರು 'ಮುನ್ನೂರಕ್ಕಿಂತ ಕಡಿಮೆ ಇದ್ದರೆ' ಎನ್ನುವ ಬದಲು 'ಮುನ್ನೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಕೂಡಿಸು' ಎಂದು ಬರೆದಿದ್ದರು. ಹೀಗಾಗಿ ಮುನ್ನೂರಕ್ಕೂ ಒಂದು ಕೂಡಿ 301 ಆಗುತ್ತಿತ್ತು. 2015ರ ಆಗಸ್ಟಿನಲ್ಲಿ ಈ ತಡೆಯನ್ನು ತೆಗೆದುಹಾಕಿದರು. ತಡೆ ಹೋಯಿತೇ ಹೊರತು ತಪಾಸಣೆ ಹೋಗಲಿಲ್ಲ. ಖಚಿತವೆನಿಸಿದ ವ್ಯೂಸ್ ಕೂಡಲೇ ಕೂಡುತ್ತವೆ, ಸಂಶಯವಿದ್ದವು ಬದಿಗೆ ನಿಂತು ಆಮೇಲೆ ಸೇರುತ್ತವೆ ಅಥವಾ ಬಿದ್ದುಹೋಗುತ್ತವೆ. ವಿಡಿಯೊ ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಹೊರಗಿನ ಅಂಕಿಯಲ್ಲಿ ಎಲ್ಲ ವ್ಯೂಸ್ ಕಾಣದಿರಬಹುದು ಎಂದು ಕಂಪನಿ ಇಂದಿಗೂ ಹೇಳುತ್ತದೆ.

ತಪಾಸಣೆಯಷ್ಟೇ ಅಲ್ಲ, ಕೂಡಿಸುವುದೇ ತಡವಾಗುತ್ತದೆ. ಇದನ್ನು ಅಕ್ಕನ ಮಗಳಿಗೆ ಬಸ್ಸಿನ ಉದಾಹರಣೆಯಿಂದ ಹೇಳಿದೆ. ಒಂದು ಡಿಪೊದಿಂದ ಎಂಬತ್ತು ಬಸ್ಸುಗಳು ಹೊರಟಿವೆ ಎನ್ನು. ಈ ಕ್ಷಣಕ್ಕೆ ಒಟ್ಟು ಎಷ್ಟು ಟಿಕೆಟ್ ಹರಿದಿದೆ ಎಂದು ಡಿಪೊ ಮ್ಯಾನೇಜರನ್ನು ಕೇಳಿದರೆ ಏನು ಹೇಳಿಯಾರು? ಟಿಕೆಟ್ ಕಂಡಕ್ಟರ ಕೈಯಲ್ಲಿದೆ. ಒಬ್ಬ ಬಂದು ಲೆಕ್ಕ ಒಪ್ಪಿಸಿದಾಗ ಮೊತ್ತ ಒಮ್ಮೆಲೇ ಇನ್ನೂರು ಏರುತ್ತದೆ, ಮತ್ತೊಬ್ಬ ಬರುವತನಕ ಅಲ್ಲೇ ನಿಲ್ಲುತ್ತದೆ. ಹಾಗೆಂದು ನಡುವೆ ಯಾರೂ ಬಸ್ ಹತ್ತಲಿಲ್ಲ ಎಂದಲ್ಲ. ದೊಡ್ಡ ತಾಣಗಳ ಎಣಿಕೆಯೂ ಹೀಗೆ ಹಂಚಿಹೋಗಿರುತ್ತದೆ. ಹಾಸನದಲ್ಲಿ ನೋಡಿದ್ದು ಒಂದು ಯಂತ್ರದಲ್ಲಿ ದಾಖಲಾದರೆ ದುಬೈಯಲ್ಲಿ ನೋಡಿದ್ದು ಬೇರೊಂದರಲ್ಲಿ. ಲಕ್ಷಾಂತರ ಜನ ಒಂದೇ ಕ್ಷಣದಲ್ಲಿ ಒಂದೇ ಅಂಕಿಯನ್ನು ತಿದ್ದಲು ಬಂದರೆ ಸರದಿ ಬೆಳೆದು ವ್ಯವಸ್ಥೆಯೇ ನಿಂತುಹೋಗುತ್ತದೆ. ಆದ್ದರಿಂದ ಅಲ್ಲಲ್ಲೇ ಎಣಿಸಿ, ಆಗಾಗ ಕಂತಿನಲ್ಲಿ ಒಟ್ಟುಗೂಡಿಸುತ್ತಾರೆ. ಕಂತು ಸೇರಿದಾಗ ಅಂಕಿ ಜಿಗಿಯುತ್ತದೆ. ಸಾಲದ್ದಕ್ಕೆ ಲೈಕಿನ ಎಣಿಕೆ ಬೇರೆ ದಾರಿಯಲ್ಲಿ ಬರುತ್ತದೆ, ಅದಕ್ಕೆ ಇಷ್ಟು ತಪಾಸಣೆ ಇಲ್ಲದೆ ಇರಬಹುದು. ರಾತ್ರಿಯಿಡೀ ವ್ಯೂಸ್ ನಿಂತು ಲೈಕು ಮಾತ್ರ ಬರುತ್ತಿದ್ದುದು ಹೀಗೆಯೇ ಸಾಧ್ಯ.

ಇನ್ನೊಂದು ನಿಲುಗಡೆ ಬರೀ ಕಣ್ಣಿನ ಭ್ರಮೆ. ದೊಡ್ಡ ಅಂಕಿಯನ್ನು ತಾಣಗಳು ಮೊಟಕು ಮಾಡಿ '1.2 ಲಕ್ಷ' ಎಂದಷ್ಟೇ ತೋರಿಸುತ್ತವೆ. ಮುಂದಿನ ಮೆಟ್ಟಿಲು 1.3 ಲಕ್ಷ. ನಡುವೆ ಹತ್ತು ಸಾವಿರ ವ್ಯೂಸ್ ಬಂದರೂ ಹೊರಗೆ ಕಾಣುವ ಅಂಕಿ ಕದಲುವುದಿಲ್ಲ, ಕದಲಿದಾಗ ಹತ್ತು ಸಾವಿರ ಜಿಗಿದಂತೆ ಕಾಣುತ್ತದೆ. ಸ್ಟುಡಿಯೊದ ದಿನದ ಲೆಕ್ಕ ನೋಡುವವರಿಗೂ ಇಂಥದ್ದೇ ಒಂದು ಗೊಂದಲ. ಯೂಟ್ಯೂಬ್ ಅನಲಿಟಿಕ್ಸ್‌ನಲ್ಲಿ ದಿನ ಬದಲಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ. ನಮಗೆ ಅದು ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಹಬ್ಬದ ದಿನ ಬೆಳಿಗ್ಗೆ ಬಂದ ವ್ಯೂಸ್ ಹಿಂದಿನ ದಿನದ ಖಾತೆಗೆ ಹೋಗಿರುತ್ತದೆ.

ಇವೆಲ್ಲ ಎಣಿಕೆ ನಿಲ್ಲುವ ಬಗೆಗಳು. ನೋಡುಗರೇ ನಿಲ್ಲುವುದು ಬೇರೆ ಮಾತು, ಇವೆರಡನ್ನೂ ಬೆರೆಸಿಕೊಂಡು ಎಷ್ಟೋ ಹುಡುಗ ಹುಡುಗಿಯರು ಇಲ್ಲದ ಸಂಚನ್ನು ಊಹಿಸಿಕೊಳ್ಳುತ್ತಾರೆ. ಹೊಸ ಶಾರ್ಟ್ ಅನ್ನು ತಾಣ ಮೊದಲು ಸಣ್ಣ ಗುಂಪಿನ ಮುಂದೆ ಇಡುತ್ತದೆ. ಅವರು ನಿಂತು ನೋಡಿದರೆ ಇನ್ನಷ್ಟು ಜನರಿಗೆ ತೋರಿಸುತ್ತದೆ, ಬೆರಳಾಡಿಸಿ ಹೋದರೆ ತೋರಿಸುವುದನ್ನು ಕಡಿಮೆ ಮಾಡುತ್ತದೆ. ಮೊದಲ ಗಂಟೆಯಲ್ಲಿ ಸಾವಿರ ಬಂದು ಆಮೇಲೆ ಏನೂ ಬಾರದಿರುವುದು ಬಹಳ ಸಲ ಈ ಕಾರಣಕ್ಕೆ. ವಾರಗಳ ನಂತರ ಬೇರೊಂದು ಗುಂಪಿಗೆ ಹಿಡಿಸಿ ಅದೇ ವಿಡಿಯೊ ಮತ್ತೆ ಏಳುವುದೂ ಉಂಟು.

ಯಾವುದು ಯಾವುದೆಂದು ತಿಳಿಯುವುದು ಕಷ್ಟವೇನಲ್ಲ. ಸ್ಟುಡಿಯೊದಲ್ಲಿ ಕಳೆದ ನಲವತ್ತೆಂಟು ಗಂಟೆಗಳನ್ನು ಗಂಟೆಗಂಟೆಗೂ ತೋರಿಸುವ ರಿಯಲ್‌ಟೈಮ್ ಪಟ್ಟಿಯಿದೆ. ಅಲ್ಲಿನ ಕಂಬಗಳು ಎದ್ದೇ ಇದ್ದು ಹೊರಗಿನ ಅಂಕಿ ಮಾತ್ರ ನಿಂತಿದ್ದರೆ ಅದು ಎಣಿಕೆಯ ತಡ, ಕಾಯಬೇಕು. ಕಂಬಗಳೇ ನೆಲಕ್ಕಿಳಿದಿದ್ದರೆ ತೋರಿಸುವುದು ನಿಂತಿದೆ. ಆಗ ಎಷ್ಟು ಜನ ನೋಡಿದರು, ಎಷ್ಟು ಜನ ಸರಿಸಿ ಹೋದರು ಎಂದು ಹೇಳುವ ಶೇಕಡಾ ಲೆಕ್ಕವೂ ಸ್ಟುಡಿಯೊದಲ್ಲೇ ಸಿಗುತ್ತದೆ. ಹತ್ತರಲ್ಲಿ ಏಳು ಜನ ಸರಿಸಿ ಹೋಗಿದ್ದರೆ ವಿಡಿಯೊದ ಮೊದಲ ಎರಡು ಸೆಕೆಂಡು ಮತ್ತೆ ನೋಡಿಕೊಳ್ಳಬೇಕು. ರಿಯಲ್‌ಟೈಮ್ ಅಂಕಿಯೂ ಅಂದಾಜೇ ಎಂಬುದು ನೆನಪಿರಲಿ. ಅದು ಹೊರಗಿನ ಅಂಕಿಗೆ ತಾಳೆಯಾಗದಿದ್ದರೆ ಒಂದೆರಡು ದಿನ ಬಿಟ್ಟು ನೋಡಿದರೆ ಸಾಕು.

ಈಗ ಕಳೆದುಹೋದ ಆ ನಾನೂರು. ಯಾರೂ ಕದಿಯಲಿಲ್ಲ. ಮೊದಲ ದಿನ ಕೂಡಿದ್ದನ್ನು ಮೂರನೆಯ ದಿನ ಕಳೆಯುವುದಕ್ಕೆ ಕಾರಣವಿದೆ: ಸುಳ್ಳು ವ್ಯೂ ಒಂದೊಂದಾಗಿ ಬಂದಾಗ ಸುಳ್ಳಿನ ಹಾಗೆ ಕಾಣುವುದಿಲ್ಲ. ಒಂದು ಫೋನು ಒಂದು ವಿಡಿಯೊ ಓಡಿಸಿತು, ಅದರಲ್ಲೇನು ಅನುಮಾನ? ಅದೇ ಫೋನು, ಅದರ ಜೊತೆ ಇನ್ನೂ ನೂರಾರು ಸಾಧನಗಳು ಒಂದೇ ಕ್ರಮದಲ್ಲಿ, ಒಂದೇ ಅಂತರದಲ್ಲಿ ಸಾವಿರಾರು ವಿಡಿಯೊಗಳನ್ನು ಓಡಿಸಿವೆ ಎಂಬುದು ಎಲ್ಲ ಲೆಕ್ಕ ಒಂದೆಡೆ ಸೇರಿದ ಮೇಲಷ್ಟೇ ಕಾಣುತ್ತದೆ. ಆಗ ಅವು ಮುಟ್ಟಿದ ಎಲ್ಲ ವಿಡಿಯೊಗಳಿಂದಲೂ ಆ ವ್ಯೂಸ್ ಕಳೆಯಬೇಕಾಗುತ್ತದೆ. ಇಂಥ ಯಂತ್ರಗಳು ಹಣ ಕೊಟ್ಟವರ ವಿಡಿಯೊವನ್ನಷ್ಟೇ ನೋಡುತ್ತ ಕೂತರೆ ಬೇಗ ಸಿಕ್ಕಿಬೀಳುತ್ತವೆ, ಆದ್ದರಿಂದ ಸಹಜವಾಗಿ ಕಾಣಲು ಅಕ್ಕಪಕ್ಕದ ಯಾರ್ಯಾರದ್ದೋ ವಿಡಿಯೊ ನೋಡುವುದೂ ಇದೆ. ಏನೂ ತಪ್ಪು ಮಾಡದ ಹುಡುಗಿಯ ಕಜ್ಜಾಯದಿಂದಲೂ ಒಂದಷ್ಟು ಕಳೆಯುವುದು ಹೀಗೆ. ಅದು ದಂಡವಲ್ಲ, ಲೆಕ್ಕದ ತಿದ್ದುಪಡಿ. ಹೀಗೆ ಆಗಾಗ ಹಳೆಯ ವ್ಯೂಸ್ ಅನ್ನು ಮರುಪರಿಶೀಲಿಸಿ ಕಳೆಯುವುದಾಗಿ ಯೂಟ್ಯೂಬ್ 2014ರ ಫೆಬ್ರವರಿಯಲ್ಲೇ ಪ್ರಕಟಿಸಿತ್ತು.

ತನ್ನ ವಿಡಿಯೊವನ್ನು ತಾನೇ ನೋಡಿಕೊಂಡರೆ? ಒಂದೆರಡು ಸಲ ನೋಡಿದ್ದು ಲೆಕ್ಕಕ್ಕೆ ಸೇರುತ್ತದೆ. ಮನೆಯ ನಾಲ್ಕು ಫೋನುಗಳಲ್ಲಿ ರಾತ್ರಿಯಿಡೀ ಓಡಲು ಬಿಟ್ಟರೆ ಅದೊಂದು ಮಾದರಿಯಾಗಿ ಕಂಡು ಬಿದ್ದುಹೋಗುತ್ತದೆ. ಸಡಿಲಗೊಂಡಿರುವುದು ಸೆಕೆಂಡಿನ ನಿಯಮ, ಮೋಸ ಹಿಡಿಯುವ ಜಾಲರಿಯಲ್ಲ.

ಕೆಲವೊಮ್ಮೆ ಅಂಕಿಯನ್ನು ಕಳೆಯುವುದಿಲ್ಲ, ಆದರೆ ಅದನ್ನು ಒಪ್ಪುವುದೂ ಇಲ್ಲ. ಇದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ, ಅದು ಕಿರುವಿಡಿಯೊ ಅಲ್ಲದಿದ್ದರೂ ಇಲ್ಲಿ ಹೇಳಬೇಕಾದದ್ದು. 2019ರ ಜುಲೈಯಲ್ಲಿ ಗಾಯಕ ಬಾದ್‌ಶಾ ಅವರ 'ಪಾಗಲ್' ಹಾಡು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು ಏಳೂವರೆ ಕೋಟಿ ವ್ಯೂಸ್ ಪಡೆಯಿತು, ಅದು ವಿಶ್ವದಾಖಲೆಯೆಂದು ಸುದ್ದಿಯಾಯಿತು. ಅದರಲ್ಲಿ ಜಾಹೀರಾತಾಗಿ ಜನರ ಮುಂದೆ ಬಂದ ಹಾಡಿನ ವ್ಯೂಸ್ ಕೂಡ ಸೇರಿತ್ತು. ಅವು ಯಂತ್ರದ ವ್ಯೂಸ್ ಅಲ್ಲ, ಆಗಿನ ನಿಯಮ ಮೀರಿದವೂ ಅಲ್ಲ. ಆದರೂ ಯೂಟ್ಯೂಬ್ ಅದನ್ನು ದಾಖಲೆಯೆಂದು ಸಾರಲಿಲ್ಲ. ಸೆಪ್ಟೆಂಬರಿನಲ್ಲಿ ನಿಯಮವನ್ನೇ ಬದಲಿಸಿ, ಇಪ್ಪತ್ತನಾಲ್ಕು ಗಂಟೆಗಳ ದಾಖಲೆಗೂ ಸಂಗೀತದ ಪಟ್ಟಿಗೂ ಜಾಹೀರಾತಿನಿಂದ ಬಂದ ವ್ಯೂಸ್ ಎಣಿಸುವುದಿಲ್ಲ ಎಂದಿತು. ಜನ ತಾವಾಗಿ ಹುಡುಕಿಕೊಂಡು ಬಂದದ್ದಕ್ಕೂ ಅವರೆದುರು ತಂದು ನಿಲ್ಲಿಸಿದ್ದಕ್ಕೂ ಇರುವ ಅಂತರವನ್ನು ಅಂಕಿ ತೋರಿಸುವುದಿಲ್ಲ ಎಂದು ಕಂಪನಿಯೇ ಒಪ್ಪಿದಂತಾಯಿತು.

ಈ ಅಂತರದಲ್ಲೇ ನಮ್ಮ ಊರುಗಳಲ್ಲಿ ವ್ಯಾಪಾರ ನಡೆಯುತ್ತಿದೆ. ಪರಿಚಯದ ಬಟ್ಟೆ ಅಂಗಡಿಯವರೊಬ್ಬರು ಹಬ್ಬದ ಪ್ರಚಾರಕ್ಕೆ ಒಬ್ಬರ ಕೈಯಲ್ಲಿ ವಿಡಿಯೊ ಮಾಡಿಸಿದರು. ಎರಡು ಲಕ್ಷ ವ್ಯೂಸ್ ಬಂತು. ಅಂಗಡಿಗೆ ಅದನ್ನು ನೋಡಿ ಬಂದೆವೆಂದವರು ಬೆರಳೆಣಿಕೆಯಷ್ಟು. ಒತ್ತಾಯಿಸಿ ಸ್ಟುಡಿಯೊ ತೆರೆಸಿದಾಗ ಕಂಡದ್ದು: ನೋಡಿದವರಲ್ಲಿ ಬಹುಪಾಲು ಕನ್ನಡದ ಗಂಧವೇ ಇಲ್ಲದ ದೇಶಗಳವರು, ಸರಾಸರಿ ನೋಡಿದ ಸಮಯ ಎರಡು ಸೆಕೆಂಡು, ಕಾಮೆಂಟುಗಳು ಒಂದೇ ಅಚ್ಚಿನವು. ವ್ಯೂಸ್ ಕೊಂಡು ತಂದದ್ದು ಎನ್ನಲು ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ತಿಂಗಳ ಮೇಲೆ ಆ ಎರಡು ಲಕ್ಷದಲ್ಲಿ ಸಾಕಷ್ಟು ಕರಗಿತು, ಕೊಟ್ಟ ಹಣ ಹಿಂದೆ ಬರಲಿಲ್ಲ.

ಆದ್ದರಿಂದ ಅಂಗಡಿ, ಹೋಟೆಲು, ಕೋಚಿಂಗ್ ಕ್ಲಾಸು ನಡೆಸುವವರಲ್ಲಿ ನನ್ನ ಮನವಿ ಇದು: ವ್ಯೂಸ್ ಲೆಕ್ಕದ ಮೇಲೆ ದುಡ್ಡು ಕೊಡುವ ಮುನ್ನ ಆ ವಿಡಿಯೊದ ಎಂಗೇಜ್ಡ್ ವ್ಯೂಸ್ ಎಷ್ಟು, ನೋಡಿದವರು ಯಾವ ಊರು ಯಾವ ದೇಶದವರು, ಸರಾಸರಿ ಎಷ್ಟು ಹೊತ್ತು ನೋಡಿದ್ದಾರೆ ಎಂಬ ಮೂರನ್ನು ಅವರ ಫೋನಿನಲ್ಲೇ ತೆರೆಸಿ ನೋಡಿ. ಅದೂ ವಿಡಿಯೊ ಹಾಕಿದ ಮರುದಿನವಲ್ಲ, ವಾರ ಕಳೆದ ಮೇಲೆ. ನಿಜವಾಗಿ ಜನ ನೋಡಿದ ವಿಡಿಯೊ ಮಾಡಿದವರು ತೋರಿಸಲು ಹಿಂಜರಿಯುವುದಿಲ್ಲ.

ಅಕ್ಕನ ಮಗಳು ತನ್ನದನ್ನು ತೆರೆದು ನೋಡಿದಳು. ಕಜ್ಜಾಯವನ್ನು ನಿಂತು ನೋಡಿದ್ದು ಮೂರು ಸಾವಿರಕ್ಕೂ ಹೆಚ್ಚು ಸಲ, ಬಹುಪಾಲು ಕರ್ನಾಟಕದಿಂದಲೇ.